ಪಹಣಿಯ ಚುಕ್ಕಿ ದಶಾಂಶ ಅಲ್ಲ: ಹೆಕ್ಟೇರ್ ಲೆಕ್ಕ ಹಾಕೋ ಮುಂಚೆ ನೋಡ್ರಿ

ಕೊಪ್ಪಳ ಕಡೆ ನಮ್ಮ ಮನೆತನದ ಎರಡು ಸರ್ವೆ ನಂಬರ್ ಸೇರಿಸಿ ಅರ್ಜಿಯಲ್ಲಿ ಹೆಕ್ಟೇರ್ ಬರೀಬೇಕಿತ್ತು. ಪಹಣಿಯಲ್ಲಿ ಒಂದು 2.35, ಇನ್ನೊಂದು 1.35. ನನ್ನ ತಮ್ಮ ಮೊಬೈಲ್‌ನಲ್ಲಿ ಕೂಡಿಸಿ 3.70 ಎಕರೆ ಅಂದ, 1.50 ಹೆಕ್ಟೇರ್ ಅಂತ ಬರೆದ. ಅಲ್ಲೇ ಒಂದು ಎಕರೆಗಿಂತ ಹೆಚ್ಚು ಜಮೀನು ಕಾಗದದಿಂದ ಮಾಯವಾಯ್ತು.

ಚುಕ್ಕಿಯ ಮುಂದಿರೋದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಎಕರೆ ಬೇರೆ, ಗುಂಟೆ ಬೇರೆ ಕೂಡಿಸ್ರಿ: 3 ಎಕರೆ, 70 ಗುಂಟೆ. 70ರಲ್ಲಿ 40 ಕಳೆದು ಒಂದು ಎಕರೆ ಏರಿಸಿದರೆ 4 ಎಕರೆ 30 ಗುಂಟೆ. ಆಮೇಲೆ 30ನ್ನು 40ರಿಂದ ಭಾಗಿಸಿದರೆ 0.75, ಅಂದ್ರೆ 4.75 ಎಕರೆ. ಅದನ್ನು 0.4047ರಿಂದ ಗುಣಿಸಿದರೆ 1.92 ಹೆಕ್ಟೇರ್. ಇದೇ ಸರಿಯಾದ ಲೆಕ್ಕ.

ಹೆಕ್ಟೇರ್‌ನಿಂದ ವಾಪಸ್ ಬರೋವಾಗ 2.471ರಿಂದ ಗುಣಿಸ್ರಿ. 1.92ಕ್ಕೆ 4.744 ಬರುತ್ತೆ, 0.744ನ್ನು 40ರಿಂದ ಗುಣಿಸಿದರೆ 29.8 ಗುಂಟೆ. ಈ ಚೂರು ವ್ಯತ್ಯಾಸ ಎರಡೇ ದಶಾಂಶ ಇಟ್ಟುಕೊಂಡಿದ್ದರಿಂದ, ಗಾಬರಿ ಬೇಡ. ಹಕ್ಕಿನ ವಿಚಾರ ಬಂದಾಗ ಮಾತ್ರ ಪಹಣಿಯ ಎಕರೆ-ಗುಂಟೆಯನ್ನೇ ಹಿಡೀರಿ.

ಯಾರೋ ಬರೆದುಕೊಟ್ಟ ಚೀಟಿಯಲ್ಲಿ ಚುಕ್ಕಿಯ ಮುಂದೆ 40 ಅಥವಾ ಹೆಚ್ಚಿನ ಅಂಕಿ ಇದ್ದರೆ ಅದು ಗುಂಟೆ ಅಲ್ಲ, ದಶಾಂಶ, ಇಲ್ಲವೇ ತಪ್ಪು ಕೂಡಿಕೆ. 40ರೊಳಗಿದ್ದರೆ ಬರೆದವರನ್ನೇ ಕೇಳ್ರಿ.

ಚದರ ಕಿಲೋಮೀಟರ್ ಸುಲಭ: ಒಂದಕ್ಕೆ 100 ಹೆಕ್ಟೇರ್, ಸುಮಾರು 247 ಎಕರೆ. ತುಂಗಭದ್ರಾ ಜಲಾಶಯ ತುಂಬಿದಾಗಿನ ಹರವು 378 ಚದರ ಕಿಲೋಮೀಟರ್ ಅಂತಾರೆ. ನಮ್ಮ ಲೆಕ್ಕದಲ್ಲಿ ಅದು 93 ಸಾವಿರ ಎಕರೆ ದಾಟುತ್ತೆ.