ಬೇಸಿಗೆಯ ಏಕಾದಶಿಯಂದು ಮೈ ನಡುಗಿದರೆ: ಆತಂಕವೋ, ನೀರಿನ ಕೊರತೆಯೋ?

ರಾಯಚೂರಿನಲ್ಲಿರುವ ನನ್ನ ಅಕ್ಕನಿಗೆ 48 ವರ್ಷ. ಆತಂಕದ ಕಾಯಿಲೆಗೆ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಸಕ್ಕರೆ ಕಾಯಿಲೆಯಾಗಲೀ ರಕ್ತದೊತ್ತಡವಾಗಲೀ ಇಲ್ಲ. ಎರಡು ವರ್ಷಗಳ ಹಿಂದೆ ವೈಶಾಖದ ಏಕಾದಶಿಯಂದು ನೀರನ್ನೂ ಮುಟ್ಟದೆ ಉಪವಾಸವಿದ್ದು, ಮಧ್ಯಾಹ್ನ ಮೂರೂವರೆಗೆ ದೇವರ ಕೋಣೆಯಿಂದ ಎದ್ದವಳಿಗೆ ಎದೆ ಡವಗುಟ್ಟಿ, ಕೈ ನಡುಗಿ, ಕಣ್ಣಿಗೆ ಕತ್ತಲೆ ಬಂತು. ಪ್ರಾಣವೇ ಹೋಗುತ್ತದೆಂದು ಹೆದರಿ ಏದುಸಿರು ಬಿಡತೊಡಗಿದಳು. ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ ಸರಿಯಿತ್ತು, ರಕ್ತದ ಸಕ್ಕರೆ 84 ಇತ್ತು. "ಏನೂ ಇಲ್ಲ, ಟೆನ್ಷನ್ ಅಷ್ಟೇ" ಎಂದು ಹೇಳಿ ಕಳಿಸಿದರು. ಅವಳನ್ನು ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ ನಾಡಿ ಎಣಿಸಿದವರು ಯಾರೂ ಇರಲಿಲ್ಲ. ಆ ಒಂದು ಎಣಿಕೆಯನ್ನು ಮನೆಯಲ್ಲೇ ಮಾಡುವುದು ಹೇಗೆ, ಅಂಥ ಮಧ್ಯಾಹ್ನ ಬಾರದಂತೆ ದಿನಚರಿಯನ್ನು ಹೇಗೆ ಬದಲಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಣ ತಿಳಿದಿರಲಿ. ನೀರು ಕಡಿಮೆಯಾದಾಗ ಮೈಯಲ್ಲಿ ಹರಿಯುವ ರಕ್ತದ ಪ್ರಮಾಣವೂ ಇಳಿಯುತ್ತದೆ. ಸೆಕೆಯಲ್ಲಿ ಮೈಯನ್ನು ತಣಿಸಲು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಇದ್ದ ರಕ್ತದಲ್ಲೂ ಒಂದು ಪಾಲು ಚರ್ಮದ ಕಡೆಗೆ ಹೋಗುತ್ತದೆ. ಎದ್ದು ನಿಂತರೆ ಇನ್ನೊಂದಿಷ್ಟು ಕಾಲಿಗೆ ಇಳಿಯುತ್ತದೆ. ಮಿದುಳಿಗೆ ರಕ್ತ ಕಡಿಮೆ ಬೀಳದಂತೆ ದೇಹವು ಅಡ್ರಿನಾಲಿನ್‌ನಂಥ ರಸಗಳನ್ನು ಹೆಚ್ಚಿಸಿ ಹೃದಯವನ್ನು ಬೇಗ ಬೇಗ ಬಡಿಯುವಂತೆ ಮಾಡುತ್ತದೆ. ಹೊಟ್ಟೆ ಖಾಲಿಯಿದ್ದು ಸಕ್ಕರೆ ಇಳಿಯತೊಡಗಿದಾಗಲೂ, ಅದು ಅಪಾಯದ ಮಟ್ಟಕ್ಕೆ ಹೋಗದಂತೆ ತಡೆಯಲು, ಇದೇ ಅಡ್ರಿನಾಲಿನ್ ಕೆಲಸಕ್ಕೆ ಬರುತ್ತದೆ. ಗಾಬರಿಯಾದಾಗ ಮೈಯಲ್ಲಿ ಏಳುವುದೂ ಅದೇ. ಹೀಗಾಗಿ ಆತಂಕದ ಸ್ವಭಾವದವರು ಈ ಬಡಿತ ಮತ್ತು ನಡುಕವನ್ನು ತಮ್ಮ ಹಳೆಯ ಕಾಯಿಲೆಯೇ ಮರುಕಳಿಸಿತೆಂದು ತಿಳಿದು ಹೆದರುತ್ತಾರೆ. ಹೆದರಿಕೆಯಿಂದ ಉಸಿರಾಟ ಹೆಚ್ಚಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ತುಟಿ ಮತ್ತು ಬೆರಳುಗಳು ಜುಮ್ಮೆನ್ನುತ್ತವೆ, ತಲೆ ಇನ್ನಷ್ಟು ಹಗುರವಾಗುತ್ತದೆ. ಸಕ್ಕರೆ 84 ಇದ್ದೂ ಕೈ ನಡುಗಿದ್ದು ಸುಳ್ಳಲ್ಲ.

ಮಾತ್ರೆಯ ವಿಚಾರವನ್ನು ಮೊದಲೇ ಬಗೆಹರಿಸಿಕೊಳ್ಳಿ

ಆತಂಕಕ್ಕೆ ದಿನವೂ ನುಂಗುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಯನ್ನು ಉಪವಾಸದ ನೆಪದಲ್ಲಿ ಬಿಡಬಾರದು. ಮಾತ್ರೆ ತಪ್ಪಿದರೆ ಕೆಲವರಿಗೆ ಅದರಿಂದಲೇ ತಲೆಸುತ್ತು ಮತ್ತು ತಳಮಳ ಬರುತ್ತವೆ. ಲಿಥಿಯಂ ತೆಗೆದುಕೊಳ್ಳುವವರು ನೀರು ಬಿಟ್ಟು ಉಪವಾಸ ಮಾಡಲೇಬಾರದು, ಏಕೆಂದರೆ ನೀರು ಕಡಿಮೆಯಾದಾಗ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಲ್ಲದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಒಂದು ವಾರ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು.

ವ್ರತಭಂಗದ ಅಳುಕು ಇರುವವರಿಗೆ ಒಂದು ಮಾತು. ನೀರು, ಗೆಡ್ಡೆ, ಹಣ್ಣು, ಹಾಲು, ಗುರುವಿನ ಮಾತು, ಔಷಧ ಇವುಗಳಿಂದ ವ್ರತ ಕೆಡುವುದಿಲ್ಲವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿಯೇ ಹೇಳಿದೆ. ಅಕ್ಕ ತನ್ನ ಮನೆಯ ಆಚಾರ್ಯರನ್ನು ಕೇಳಿದಾಗ, ಕಾಯಿಲೆಯವರು ನಿರ್ಜಲ ಮಾಡಬೇಕಿಲ್ಲ, ನೀರು ಕುಡಿದು ಏಕಾದಶಿ ಮಾಡಿದರಾಯಿತು ಎಂದು ಅವರು ಸ್ಪಷ್ಟವಾಗಿ ಹೇಳಿದರು. ನನ್ನ ಸಲಹೆಯೂ ಅದೇ: ಆತಂಕದ ಕಾಯಿಲೆ ಇರುವವರು ಏಪ್ರಿಲ್‌, ಮೇ ತಿಂಗಳಲ್ಲಿ ನಿರ್ಜಲ ಉಪವಾಸಕ್ಕೆ ಕೈ ಹಾಕಬಾರದು.

ಕಾಫಿಯನ್ನು ನಾಲ್ಕು ದಿನ ಮೊದಲು ಇಳಿಸಿ

ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಏಕಾದಶಿಯಂದು ಒಮ್ಮೆಲೇ ನಿಲ್ಲಿಸಿದರೆ, ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ತಲೆನೋವು, ಕಿರಿಕಿರಿ, ಮಂಕು ಶುರುವಾಗುತ್ತವೆ. ಬೇರೆ ಕೆಲವರು "ಕಾಫಿಗೆ ದೋಷವಿಲ್ಲ" ಎಂದು ಖಾಲಿ ಹೊಟ್ಟೆಯಲ್ಲಿ ದಿನವಿಡೀ ಗಟ್ಟಿ ಡಿಕಾಕ್ಷನ್ ಕುಡಿದು ಎದೆ ಬಡಿತವನ್ನು ತಾವೇ ಬರಮಾಡಿಕೊಳ್ಳುತ್ತಾರೆ. ಸಪ್ತಮಿಯಿಂದ ದಿನಕ್ಕೊಂದು ಲೋಟ ಕಡಿಮೆ ಮಾಡುತ್ತ ಬಂದರೆ ದಶಮಿಯ ಹೊತ್ತಿಗೆ ಒಂದೇ ಅರ್ಧ ಲೋಟಕ್ಕೆ ಇಳಿಯಬಹುದು. ಚಹಾ ಕುಡಿಯುವವರಿಗೂ ಇದೇ ಲೆಕ್ಕ.

ದಶಮಿಯ ಊಟ ಹಗುರವಾಗಿದ್ದರೆ ಸಾಕು. ಉಪ್ಪಿನಕಾಯಿ, ಹಪ್ಪಳ ಬಡಿಸಿಕೊಳ್ಳಬೇಡಿ, ಬಾಯಾರಿಕೆ ಹೆಚ್ಚುತ್ತದೆ. ಮಲಗುವ ಮುನ್ನ ಒಂದೇ ಸಲ ತಂಬಿಗೆಗಟ್ಟಲೆ ನೀರು ಕುಡಿದು "ಶೇಖರಿಸಿಕೊಳ್ಳುವ" ಪ್ರಯತ್ನ ವ್ಯರ್ಥ. ಹೆಚ್ಚಾದದ್ದು ರಾತ್ರಿಯೇ ಮೂತ್ರವಾಗಿ ಹೋಗಿ ನಿದ್ದೆಯನ್ನೂ ಕೆಡಿಸುತ್ತದೆ. ಸಂಜೆಯಿಂದ ಗಂಟೆಗೊಂದು ಲೋಟದಂತೆ ಕುಡಿಯುವುದು ಮೇಲು.

ಏಕಾದಶಿಯ ಹಗಲು

ಪೂಜೆ, ಪ್ರದಕ್ಷಿಣೆ, ನಮಸ್ಕಾರಗಳನ್ನು ಬೆಳಗಿನ ಒಂಬತ್ತರೊಳಗೆ ಮುಗಿಸಿಕೊಳ್ಳಿ. ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಹೋಗಬೇಡಿ, ಒಲೆಯ ಮುಂದೆಯೂ ನಿಲ್ಲಬೇಡಿ. ಇದನ್ನು ಮನೆಯ ಗಂಡಸರೂ ಓದಬೇಕು: ಉಪವಾಸವಿರುವ ಹೆಂಗಸೇ ಮಕ್ಕಳಿಗೂ ಮುದುಕರಿಗೂ ಬಿಸಿ ಅಡುಗೆ ಮಾಡುತ್ತ ಗ್ಯಾಸ್ ಒಲೆಯ ಮುಂದೆ ಎರಡು ತಾಸು ನಿಲ್ಲುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕೋಣೆಯ ಗಾಳಿ 40 ಡಿಗ್ರಿ ದಾಟಿದಾಗ ಬರಿಯ ಫ್ಯಾನ್ ಬಿಸಿಗಾಳಿಯನ್ನೇ ಬೀಸುತ್ತದೆ. ಕೊರಳಿಗೂ ಮುಂಗೈಗೂ ಒದ್ದೆ ಬಟ್ಟೆ ಸುತ್ತಿಕೊಂಡು ಫ್ಯಾನಿನ ಕೆಳಗೆ ಕುಳಿತರೆ ನಿಜವಾಗಿ ತಂಪಾಗುತ್ತದೆ. ನೀರು ಕುಡಿಯುವವರು ಎರಡು ಗಂಟೆಗೊಮ್ಮೆ ಒಂದು ಲೋಟ ಕುಡಿಯಬೇಕು. ಅದರಲ್ಲಿ ಎರಡು ಸಲ ಚಿಟಿಕೆ ಸೈಂಧವ ಲವಣ ಬೆರೆಸಿದ ನಿಂಬೆಹಣ್ಣಿನ ಪಾನಕ ಇರಲಿ. ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿ ಹಳದಿಯಿದ್ದರೆ ಚಿಂತೆಯಿಲ್ಲ, ಕಡು ಹಳದಿಯಾಗಿ ಸ್ವಲ್ಪವೇ ಬಂದರೆ ನೀರು ಸಾಲುತ್ತಿಲ್ಲ. ಬಿ-ಕಾಂಪ್ಲೆಕ್ಸ್ ನುಂಗುವವರು ಬಣ್ಣವನ್ನು ನಂಬಬಾರದು, ಅದು ಹೇಗೂ ಹಳದಿಯಾಗಿರುತ್ತದೆ.

ನಡುಕ ಬಂದಾಗ: ಜನ ತಪ್ಪುವುದು ಇಲ್ಲಿ

ನಡುಕ ಶುರುವಾದೊಡನೆ ಮನೆಯವರು ಸುತ್ತುವರಿದು, ಬೆನ್ನು ತಟ್ಟಿ, ಎಬ್ಬಿಸಿ ನಡೆದಾಡಿಸುತ್ತಾರೆ. ಹಾಗೆ ಮಾಡಿದರೆ ತಲೆಸುತ್ತು ಹೆಚ್ಚುತ್ತದೆ. ಇದ್ದಲ್ಲಿಯೇ ಮಲಗಿಸಿ, ಹಿಮ್ಮಡಿಯ ಕೆಳಗೆ ಎರಡು ದಿಂಬು ಇಡಿ. ಐದು ನಿಮಿಷ ಹಾಗೇ ಬಿಡಿ. ಆ ಹೊತ್ತಿನಲ್ಲಿ ಅವರು ಮೂಗಿನಿಂದ ನಾಲ್ಕು ಎಣಿಸುವಷ್ಟು ಕಾಲ ಉಸಿರು ಒಳಗೆಳೆದು, ಆರು ಎಣಿಸುವಷ್ಟು ಕಾಲ ಹೊರಬಿಡಲಿ. "ಜೋರಾಗಿ ಉಸಿರು ತಗೋ" ಎನ್ನಬೇಡಿ. ಉಸಿರು ಹೆಚ್ಚಾಗಿರುವುದೇ ಅಲ್ಲಿನ ತೊಂದರೆ. ಮುಖಕ್ಕೆ ಚೀಲ ಹಿಡಿಯುವ ಹಳೆಯ ಉಪಾಯವೂ ಬೇಡ, ಅದು ಅಪಾಯಕಾರಿ.

ಐದು ನಿಮಿಷದ ಬಳಿಕ, ಮಲಗಿದಂತೆಯೇ ಮುಂಗೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ ಬರೆದುಕೊಳ್ಳಿ. ಆಮೇಲೆ ಅವರನ್ನು ಮೊದಲು ಕೂರಿಸಿ, ನಂತರ ಗೋಡೆಯ ಪಕ್ಕದಲ್ಲಿ, ಹತ್ತಿರದಲ್ಲೇ ಕುರ್ಚಿಯಿಟ್ಟು ನಿಲ್ಲಿಸಿ. ನೀವು ಅವರ ತೋಳು ಹಿಡಿದಿರಬೇಕು. ನಿಂತು ಮೂರು ನಿಮಿಷವಾದ ಮೇಲೆ ಮತ್ತೆ ಎಣಿಸಿ. ಕಣ್ಣು ಕತ್ತಲೆ ಬಂದರೆ ಎಣಿಕೆಗಾಗಿ ಕಾಯದೆ ಮಲಗಿಸಿ. ನಿಲ್ಲಲಾಗದಿರುವುದೇ ನಿಮಗೆ ಬೇಕಾಗಿದ್ದ ಉತ್ತರ.

ನಿಂತಾಗ ನಾಡಿ 30 ಅಥವಾ ಅದಕ್ಕಿಂತ ಹೆಚ್ಚು ಏರಿದ್ದು, ಮಲಗಿದರೆ ಇಳಿಯುವುದಾದರೆ ನೀರು ಮತ್ತು ಉಪ್ಪಿನ ಕೊರತೆಯೇ ಮುಖ್ಯವೆಂದು ಹಿಡಿಯಬಹುದು. ಮಲಗಿದಾಗಲೇ ನೂರರ ಮೇಲಿದ್ದು, ನಿಂತರೂ ಹೆಚ್ಚು ಏರದೆ, ಬೆರಳು ಜುಮ್ಮೆನ್ನುತ್ತಿದ್ದರೆ ಉಸಿರಾಟ ಮತ್ತು ಗಾಬರಿಯ ಪಾಲು ದೊಡ್ಡದು. ಎರಡೂ ಒಟ್ಟಿಗೆ ಇರುವುದೇ ಹೆಚ್ಚು. ಎದೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಈ ಪರೀಕ್ಷೆಯನ್ನು ನೆಚ್ಚಬಾರದು.

ಕೊರತೆ ಕಂಡರೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು. ಪೂರ್ತಿ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿಸುವವರನ್ನು ನೋಡಿದ್ದೇನೆ; ಅಷ್ಟು ಗಾಢವಾದ ದ್ರಾವಣದಿಂದ ವಾಂತಿಯಾಗುತ್ತದೆ, ರಕ್ತದಲ್ಲಿ ಉಪ್ಪೂ ಏರಬಹುದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಹಾಕಿ. ಓಆರ್‌ಎಸ್ ಎಂದು ಮಾರುತ್ತಿದ್ದ ಸಿಹಿ ಹಣ್ಣಿನ ಪಾನೀಯಗಳನ್ನು ನಾನು ಮನೆಯೊಳಗೆ ತರುವುದಿಲ್ಲ: ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರನ್ನು ಕೇಳದೆ ಓಆರ್‌ಎಸ್ ಕೊಡಬೇಡಿ.

ಹೋದ ವರ್ಷದ ಬೇಸಿಗೆಯಲ್ಲಿ, ನೀರು ಕುಡಿಯುವುದನ್ನು ಮರೆತ ಒಂದು ಏಕಾದಶಿಯಂದು, ಅಕ್ಕನಿಗೆ ಮತ್ತೆ ಹೀಗಾಯಿತು. ಮಲಗಿದಾಗ ನಾಡಿ 76, ನಿಂತು ಮೂರು ನಿಮಿಷಕ್ಕೆ 114. ಮಲಗಿಸಿ, ಹತ್ತು ನಿಮಿಷಕ್ಕೆ ಅರ್ಧ ಲೋಟದಂತೆ ಗುಟುಕು ಗುಟುಕಾಗಿ ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಲೀಟರಿನಷ್ಟು ಓಆರ್‌ಎಸ್ ಕುಡಿಸಿದೆವು. ಮತ್ತೆ ಎಣಿಸಿದಾಗ ಮಲಗಿ 74, ನಿಂತು 92. ನಡುಕ ಹೋಗಿತ್ತು. ಬರೆದಿಟ್ಟ ಚೀಟಿಯನ್ನು ಅವಳೇ ಎರಡು ಸಲ ಓದಿದಳು, "ಇದು ನನ್ನ ತಲೆಯೊಳಗಿನದಲ್ಲ ಅಲ್ಲೇನು?" ಎಂದು ಕೇಳಿದಳು.

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ನಡುಗಿದರೆ ಎಲ್ಲಕ್ಕಿಂತ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಉಪವಾಸ ಅಲ್ಲಿಗೆ ಮುಗಿಯಿತು. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಕಾದರೆ, ಎದೆನೋವು ಬಂದರೆ ಅಥವಾ ಎಚ್ಚರ ತಪ್ಪಿದರೆ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಮೈ ಕಾದವರನ್ನು ಆಂಬುಲೆನ್ಸ್ ಬರುವವರೆಗೆ ನೀರೆರಚಿ ಗಾಳಿ ಹಾಕಿ ತಣಿಸುತ್ತಿರಬೇಕು.

ಜಾಗರಣೆ ಮತ್ತು ಪಾರಣೆ

ಇಡೀ ರಾತ್ರಿಯ ಜಾಗರಣೆ ಬೇಡ. ನಿದ್ದೆಗೆಟ್ಟ ಮರುದಿನ ಆತಂಕ ಹೆಚ್ಚುವುದನ್ನು ಇಂಥವರೆಲ್ಲ ಬಲ್ಲರು; ಹತ್ತರವರೆಗೆ ಭಜನೆ ಮಾಡಿ ಮಲಗಿದರಾಯಿತು. ದ್ವಾದಶಿಯ ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ನಿಲ್ಲದೆ ಎರಡು ನಿಮಿಷ ಕೂತಿರಿ, ಬಿಸಿನೀರಿನ ಸ್ನಾನದ ಬದಲು ಉಗುರುಬೆಚ್ಚಗಿನ ನೀರು ಸಾಕು. ಪಾರಣೆಗೆ ಮೊದಲು ತೀರ್ಥ ಮತ್ತು ಒಂದು ಲೋಟ ನೀರು, ಆಮೇಲೆ ಮೆತ್ತನೆಯ ಅನ್ನ, ಹೆಸರುಬೇಳೆ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ಮಜ್ಜಿಗೆ. ಕಾಫಿ ಊಟವಾಗಿ ಒಂದು ಗಂಟೆ ಕಳೆದ ಮೇಲೆ, ಅರ್ಧ ಲೋಟ ಮಾತ್ರ.