ಹೊನ್ನಾಳಿ ಯಾವ ಊರಿನ ಕಡೆಗೆ?

ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುವ ನಾನು ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ದಾವಣಗೆರೆ, ಶಿವಮೊಗ್ಗ ನಗರಗಳ ನಡುವಿನ ಹೊನ್ನಾಳಿ ಸೀಮೆಯನ್ನು ಆರಿಸಿಕೊಂಡದ್ದು, ಅಲ್ಲಿ ಎರಡು ಬಗೆಯ ಪ್ರದೇಶಗಳ ಗಡಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬ ಕಾರಣಕ್ಕೆ. ಮಳೆ, ಮಣ್ಣು, ಬೆಳೆಗಳ ಸಾಮ್ಯದಿಂದ ಗುರುತಿಸುವ ಏಕರೂಪ ಪ್ರದೇಶದ ಲೆಕ್ಕದಲ್ಲಿ ಹೊನ್ನಾಳಿಯೂ ಶಿವಮೊಗ್ಗವೂ ದಕ್ಷಿಣ ಸಂಕ್ರಮಣ ಕೃಷಿ ವಲಯಕ್ಕೆ ಸೇರುತ್ತವೆ. ಈ ವಲಯದ ಗೆರೆ ತಾಲ್ಲೂಕಿನ ಗಡಿಯನ್ನೇ ಹಿಡಿದು ಹೋಗುವುದಕ್ಕೆ ಕಾರಣ ನಿಸರ್ಗವಲ್ಲ, ಅಂಕಿಅಂಶಗಳು ತಾಲ್ಲೂಕುವಾರು ಸಿಗುತ್ತವೆ ಎಂಬುದು.

ಒಂದು ಪಟ್ಟಣದ ಸೆಳೆತ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಎರಡನೆಯ ಬಗೆಯ, ಅಂದರೆ ಕಾರ್ಯಾತ್ಮಕ ಪ್ರದೇಶದ ಪ್ರಶ್ನೆ. ಮೊದಲು, ಎರಡು ನಗರಗಳ ಸೆಳೆತ ಎಲ್ಲಿ ಸಮನಾಗುತ್ತದೆ ಎಂದು ಹೇಳುವ ಸೂತ್ರ ಹಾಕಿ ನೋಡಿದೆವು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ, ಶಿವಮೊಗ್ಗದ್ದು ಸುಮಾರು 3.22 ಲಕ್ಷ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.16, ಅದಕ್ಕೆ ಒಂದು ಕೂಡಿಸಿ, ಎರಡು ನಗರಗಳ ನಡುವಿನ ದೂರವನ್ನು ಆ ಮೊತ್ತದಿಂದ ಭಾಗಿಸಿದರೆ ಸೆಳೆತಗಳು ಸಮನಾಗುವ ಬಿಂದು ಶಿವಮೊಗ್ಗದಿಂದ ಹಾದಿಯ ಶೇ. 46ರಷ್ಟು ದೂರದಲ್ಲಿ, ಅಂದರೆ ಹೆಚ್ಚುಕಡಿಮೆ ಹೊನ್ನಾಳಿಯ ಆಸುಪಾಸಿನಲ್ಲೇ ಬೀಳುತ್ತದೆ. ಆದರೆ ಈ ಸೂತ್ರಕ್ಕೆ ತಿಳಿದಿರುವುದು ಜನಸಂಖ್ಯೆ ಮತ್ತು ದೂರ ಮಾತ್ರ. ಅಡಿಕೆಯ ಸುದ್ದಿ ಅದಕ್ಕೆ ಗೊತ್ತಿಲ್ಲ.

ಬಳಿಕ ಊರೂರಿಗೆ ಹೋಗಿ ಬಸ್ಸುಗಳನ್ನು ಎಣಿಸಿದೆವು. ಮೊದಲ ದಿನದ ಎಣಿಕೆಯನ್ನು ಪೂರ್ತಿ ಕೈಬಿಡಬೇಕಾಯಿತು. ಹೆದ್ದಾರಿಯಲ್ಲಿ ಹಾದುಹೋಗುವ ದೂರದ ಬಸ್ಸುಗಳನ್ನೂ ನಮ್ಮ ಹುಡುಗರು ಲೆಕ್ಕಕ್ಕೆ ಸೇರಿಸಿದ್ದರಿಂದ, ರಸ್ತೆ ಬದಿಯ ಊರುಗಳೆಲ್ಲ ಎರಡೂ ನಗರಗಳಿಗೆ ಸಮನಾಗಿ ಅಂಟಿಕೊಂಡಂತೆ ಕಾಣುತ್ತಿತ್ತು. ಆ ಊರಿನ ಜನರಿಗೆಂದೇ ಓಡುವ, ಅಲ್ಲೇ ಹೊರಟು ಅಲ್ಲೇ ತಂಗುವ ಬಸ್ಸುಗಳನ್ನು ಮಾತ್ರ ಇಟ್ಟುಕೊಂಡ ಮೇಲೆ ಚಿತ್ರ ತಿಳಿಯಾಯಿತು.

ಮನೆಮನೆಯ ಪ್ರಶ್ನಾವಳಿಯಲ್ಲೂ ಒಂದು ತಪ್ಪು ನುಸುಳಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಿಂದ ಅದಕ್ಕೆ ಸೇರಿದವು. ಹೀಗಿರುವಾಗ ಜಿಲ್ಲಾ ಕಚೇರಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಸಿಗುವುದು ಸರ್ಕಾರಿ ಆದೇಶದ ಉತ್ತರವೇ ಹೊರತು ಜನರ ಒಲವಿನದ್ದಲ್ಲ. ಆ ಪ್ರಶ್ನೆಯನ್ನು ತೆಗೆದು ಫಸಲು ಮಾರುವುದೆಲ್ಲಿ, ಮದುವೆಯ ಜವಳಿ ತರುವುದೆಲ್ಲಿ, ದೊಡ್ಡ ಕಾಯಿಲೆಗೆ ಹೋಗುವುದೆಲ್ಲಿ ಎಂಬುದನ್ನಷ್ಟೇ ಉಳಿಸಿಕೊಂಡೆವು.

ಒಬ್ಬ ಹಿರಿಯ ರೈತರು ಜಗಲಿಯ ಮೇಲೆ ಎರಡು ಚೀಟಿ ಹರಡಿದರು: ಅಡಿಕೆ ಮಾರಿದ್ದು ಶಿವಮೊಗ್ಗದ ಮಂಡಿಯಲ್ಲಿ, ಮೆಕ್ಕೆಜೋಳ ಹಾಕಿದ್ದು ದಾವಣಗೆರೆಯಲ್ಲಿ. “ನಮ್ಮ ಮನೆ ಯಾವ ಕಡೆಗೆ ಅಂತ ನೀವೇ ಬರ್ಕೊಳ್ಳಿ ಮೇಷ್ಟ್ರೇ,” ಎಂದು ನಕ್ಕರು.

ಆದ್ದರಿಂದ ಒಂದೊಂದು ಸೇವೆಗೂ ಬೇರೆ ಬೇರೆ ಗೆರೆ ಎಳೆದೆವು. ಪ್ರತಿ ಗೆರೆಯೂ ಅರ್ಧಕ್ಕಿಂತ ಹೆಚ್ಚು ಮನೆಗಳು ಒಂದು ನಗರದತ್ತ ವಾಲುವ ಊರುಗಳನ್ನು ಉಳಿದವುಗಳಿಂದ ಬೇರ್ಪಡಿಸುತ್ತಿತ್ತು. ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಗೆರೆಗಳು ಕೂಡಲಿಲ್ಲ. ನಡುವೆ ಹಲವು ಊರುಗಳ ಅಗಲದ ಒಂದು ಪಟ್ಟಿ ಉಳಿಯಿತು. ಅಂತಿಮ ನಕ್ಷೆಯಲ್ಲಿ ಒಂದೇ ಗೆರೆ ಇರಲೆಂದು ವಿದ್ಯಾರ್ಥಿಗಳು ಹಟ ಹಿಡಿದರೂ ನಾನು ಒಪ್ಪದೆ, ಆ ಪಟ್ಟಿಗೆ ಎರಡೂ ಬಣ್ಣಗಳ ಅಡ್ಡಗೆರೆ ಹಾಕಿಸಿದೆ.