ಉಸಿರು ಎಳೆಯುವುದು ಬೇರೆ, ನೋಡುವುದು ಬೇರೆ

ಚಿಕ್ಕಮಗಳೂರು ಕಡೆ ಮಾಗಿಯ ಚಳಿಯಲ್ಲಿ ಬೆಳಗ್ಗೆ ಐದೂವರೆಗೆ ಕೂತರೆ ಒಂದು ಅನುಕೂಲವಿದೆ. ಒಳಗೆ ಹೋಗುವ ಉಸಿರು ಹೊಳ್ಳೆಯ ಅಂಚಿಗೆ ತಣ್ಣಗೆ ತಾಗುತ್ತದೆ, ಹೊರಗೆ ಬರುವಾಗ ಮೇಲ್ದುಟಿಯ ಮೇಲೆ ಬೆಚ್ಚಗೆ ಹಾಯುತ್ತದೆ. ಗಮನ ನಿಲ್ಲಿಸಲು ಇದಕ್ಕಿಂತ ಸ್ಪಷ್ಟವಾದ ಜಾಗ ಬೇಡ. ಮಳೆಗಾಲದಲ್ಲಿ ಮೂಗು ಕಟ್ಟಿದ್ದರೆ ಹೊಟ್ಟೆಯ ಏರಿಳಿತ ಹಿಡಿಯುತ್ತೇನೆ. ಚಾಪೆಯ ಮೇಲೆ ಕಂಬಳಿ ಮಡಿಸಿ, ಕೂರುವ ಭಾಗ ನಾಲ್ಕು ಬೆರಳು ಎತ್ತರ ಬರುವಂತೆ ಮಾಡಿಕೊಂಡರೆ ಮೊಣಕಾಲು ತಾನಾಗಿ ಕೆಳಗಿಳಿಯುತ್ತದೆ.

ಉಸಿರನ್ನು ಆಳುವ ಪ್ರಾಣಾಯಾಮ, ಉಸಿರನ್ನು ಸುಮ್ಮನೆ ನೋಡುವ ಧ್ಯಾನ, ನಾನು ಎರಡನ್ನೂ ಮಾಡುತ್ತೇನೆ, ಆದರೆ ಬೆರೆಸುವುದಿಲ್ಲ. ಮೊದಲು ನಾಡಿಶೋಧನ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ನಾಲ್ಕು ಎಣಿಕೆ ಎಳೆದು, ಉಂಗುರಬೆರಳಿನಿಂದ ಎಡ ಮುಚ್ಚಿ ಬಲದಿಂದ ಎಂಟು ಎಣಿಕೆ ಬಿಡುವುದು. ಮತ್ತೆ ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಹತ್ತು ಸುತ್ತು ಸಾಕು. ಉಸಿರು ಬಿಗಿಹಿಡಿಯುವ ಕುಂಭಕವನ್ನು ಎದುರಿಗೆ ಕೂತು ಕಲಿಸುವವರಿಲ್ಲದೆ ಮಾಡಬಾರದು, ಬಿಪಿ ಇರುವವರಂತೂ ಖಂಡಿತ ಬೇಡ. ಬಿಟ್ಟ ಮೇಲೆ ಮುಂದಿನ ಉಸಿರು ಗಬಕ್ಕನೆ ಬಂದರೆ ಎಣಿಕೆ ನಿಮ್ಮ ಅಳತೆ ಮೀರಿದೆ ಎಂದರ್ಥ, ಮೂರು–ಆರಕ್ಕೆ ಇಳಿಸಿ.

ಇಲ್ಲಿ ಉಸಿರು ನಾವು ಹೇಳಿದಂತೆ ನಡೆಯುತ್ತದೆ. ಯೋಗಸೂತ್ರದಲ್ಲಿ ಪತಂಜಲಿ ಪ್ರಾಣಾಯಾಮವನ್ನು ಶ್ವಾಸ-ಪ್ರಶ್ವಾಸಗಳ ಗತಿಯನ್ನು ತಡೆಯುವುದು ಎಂದೇ ಹೇಳುತ್ತಾನೆ (2.49), ಅದರಿಂದ ಮನಸ್ಸಿಗೆ ಧಾರಣೆಯ, ಅಂದರೆ ಒಂದೇ ಕಡೆ ನಿಲ್ಲುವ, ಯೋಗ್ಯತೆ ಬರುತ್ತದೆ (2.53). ಬುದ್ಧನ ಆನಾಪಾನಸತಿ ಇದಕ್ಕೆ ತದ್ವಿರುದ್ಧ. ಉಸಿರು ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ ಎಂದು ತಿಳಿಯುವುದಷ್ಟೇ ಕೆಲಸ. ಬೋಧಿಗೆ ಮೊದಲು ಉಸಿರು ಕಟ್ಟುವ ಧ್ಯಾನವನ್ನೂ ಬುದ್ಧ ಮಾಡಿ ನೋಡಿದ್ದ. ತಲೆಗೆ ಬಾರುಪಟ್ಟಿ ಬಿಗಿದಂಥ ನೋವು ಬಂತೆಂದು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದಲ್ಲಿದೆ.

ಪ್ರಾಣಾಯಾಮ ರೂಢಿಯಿದ್ದವರು ಎಡವುವುದು ಈ ಜಾಗದಲ್ಲೇ. ನೋಡುತ್ತಿದ್ದೇವೆ ಅಂದುಕೊಂಡೇ ಉಸಿರನ್ನು ತೂಗುತ್ತಿರುತ್ತಾರೆ. ಉಸಿರು ಅತಿ ಸಮನಾಗಿದ್ದರೆ, ಗಂಟಲಲ್ಲಿ ಸಣ್ಣ ಸದ್ದಿದ್ದರೆ, ಹಣೆ ಬಿಗಿದಿದ್ದರೆ ಅನುಮಾನಪಡಿ. ಪೂರ್ತಿ ಬಿಟ್ಟ ಮೇಲೆ ಸುಮ್ಮನಿರಿ: ಮುಂದಿನ ಉಸಿರು ತಾನೇ ಬಂತೋ, ನೀವು ಎಳೆದಿರೋ? ಎಳೆದಿದ್ದರೆ ಉಸಿರನ್ನು ಬಿಟ್ಟು, ಅಂಗೈ ತೊಡೆಗೆ ತಾಗಿದ ಕಡೆ ಮೂರು ನಿಮಿಷ ಗಮನವಿಡಿ. ಅಷ್ಟರಲ್ಲಿ ಉಸಿರು ತನ್ನ ಪಾಡಿಗೆ ತಾನು ಬೀಳುತ್ತದೆ. ಈ ಕಾರಣಕ್ಕೇ ನಾಡಿಶೋಧನದ ನಂತರ ಐದು ನಿಮಿಷ ಏನೂ ಮಾಡದೆ ಕೂರುತ್ತೇನೆ.

ಇಷ್ಟು ವಿಧಾನದ ಮಾತಾಯಿತು. ಗುರಿಯ ವ್ಯತ್ಯಾಸ ಗೊತ್ತಾಗುವುದು ಇಪ್ಪತ್ತೈದನೇ ನಿಮಿಷದ ಹೊತ್ತಿಗೆ, ಬಲ ಮೊಣಕಾಲು ನೋಯತೊಡಗಿದಾಗ.

ಪತಂಜಲಿಯ ದಾರಿಯಲ್ಲಿ ಆಸನ ಸ್ಥಿರವೂ ಸುಖವೂ ಆಗಿರಬೇಕು, ಹಾಗಾಗಿ ಕಾಲು ಬದಲಿಸಿದರೆ ತಪ್ಪೇನಿಲ್ಲ. ಬದಲಿಸಿ, ಗಮನ ನಿಲ್ಲಿಸಲು ಮೊದಲು ಹಿಡಿದಿದ್ದ ಆಲಂಬನಕ್ಕೇ ಮರಳಬೇಕು. ನೋವು ಕಾಣುತ್ತಿದೆ, ಕಾಣುವವನು ನೋವಲ್ಲ. ಈ ವಿವೇಕ ಪೂರ್ತಿ ಬಲಿತು, ಕಾಣುವವನಾದ ದ್ರಷ್ಟಾರ ತನ್ನ ಸ್ವರೂಪದಲ್ಲಿ ನಿಂತರೆ, ಅಂದರೆ ಶುದ್ಧ ಅರಿವಾದ ಪುರುಷ ದೇಹ-ಮನಸ್ಸುಗಳೆಲ್ಲ ಸೇರಿದ ಪ್ರಕೃತಿಯಿಂದ ಬಿಡಿಸಿಕೊಂಡರೆ, ಅದು ಕೈವಲ್ಯ.

ಬೌದ್ಧ ವಿಪಶ್ಯನೆಯಲ್ಲಿ ನೋವಿನ ಒಳಕ್ಕೇ ಹೋಗಬೇಕು. 'ಮೊಣಕಾಲು ನೋವು' ಎಂಬ ಹೆಸರು ಬಿಟ್ಟು ನೋಡಿದರೆ ಅಲ್ಲಿರುವುದು ಬಿಸಿ, ಒತ್ತಡ, ಮಿಡಿತ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಆಮೇಲೆ ನೋಡುತ್ತಿರುವ ಅರಿವಿನ ಕಡೆ ತಿರುಗಬೇಕು: ಅದೂ ಕ್ಷಣಕ್ಷಣಕ್ಕೆ ಹುಟ್ಟಿ ಅಳಿಯುತ್ತಿದೆ. ಬೌದ್ಧರು ವಿಜ್ಞಾನ ಎಂದು ಕರೆಯುವ ಈ ಅರಿವೂ ಸೇರಿ, ಮನುಷ್ಯ ಎಂಬ ಒಟ್ಟು ಆದ ಐದು ಸ್ಕಂಧಗಳಲ್ಲಿ 'ನಾನು' ಅನ್ನುವಂಥದ್ದಿಲ್ಲ. ರಾಗ, ದ್ವೇಷ, ಮೋಹದ ಬೆಂಕಿ ಆರುವುದೇ ನಿಬ್ಬಾಣ. ಬಿಡಿಸಿಕೊಂಡು ಹೊರಗೆ ನಿಲ್ಲುವ ಪುರುಷ ಅಲ್ಲಿಲ್ಲ.

ಅನಿತ್ಯವನ್ನು ನಿತ್ಯ, ದುಃಖವನ್ನು ಸುಖ, ಅನಾತ್ಮವನ್ನು ಆತ್ಮ ಎಂದು ಭ್ರಮಿಸುವುದೇ ಅವಿದ್ಯೆ ಎಂದು ಪತಂಜಲಿಯೂ ಹೇಳುತ್ತಾನೆ (2.5). ಅಲ್ಲಿಯವರೆಗೆ ಇಬ್ಬರೂ ಜೊತೆಗಿದ್ದಾರೆ. ಅನಾತ್ಮವನ್ನೆಲ್ಲ ಕಳೆದ ಮೇಲೆ ಉಳಿಯುವ ದ್ರಷ್ಟಾರನನ್ನು ಪತಂಜಲಿ ತೋರಿಸುತ್ತಾನೆ, ಬುದ್ಧ ತೋರಿಸುವುದಿಲ್ಲ. 'ಎಲ್ಲ ಒಂದೇ' ಎಂದು ಸಭೆಗಳಲ್ಲಿ ಹೇಳುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಎರಡು ದಾರಿಯ ಜಾರುವ ಜಾಗಗಳೂ ಬೇರೆ. 'ನಾನು ಸಾಕ್ಷಿ' ಎಂದು ಮನಸ್ಸಿನಲ್ಲಿ ಮಾತು ಓಡುತ್ತಿದ್ದರೆ ಅದು ಇನ್ನೊಂದು ಚಿತ್ತವೃತ್ತಿ, ಮನಸ್ಸಿನ ಅಲೆ ಅಷ್ಟೇ. ಬುದ್ಧಿಯನ್ನೇ ದ್ರಷ್ಟಾರನೆಂದುಕೊಳ್ಳುವ ಅಸ್ಮಿತೆ. ಆ ಮಾತನ್ನೂ ಕಂಡ ವಸ್ತುಗಳ ಸಾಲಿಗೆ ಸೇರಿಸಬೇಕು. ವಿಪಶ್ಯನೆಯಲ್ಲಿ 'ಯಾವುದೂ ನನ್ನದಲ್ಲ' ಎಂಬುದು ಮರಗಟ್ಟಿದ ಉದಾಸೀನವಾಗುತ್ತದೆ. ಸಮಚಿತ್ತವಿದ್ದರೆ ಬಿಸಿ, ಮಿಡಿತ ಇನ್ನೂ ಸ್ಪಷ್ಟವಾಗಿ ತಿಳಿಯುತ್ತವೆ. ಉದಾಸೀನವಾದರೆ ಮಸುಕಾಗುತ್ತವೆ, ತಲೆ ತೂಗುತ್ತದೆ. ಆಗ ಕಣ್ಣು ತೆರೆದು, ಎದ್ದು ಹತ್ತು ನಿಮಿಷ ನಡೆಯುತ್ತಾ ಪಾದದ ಸ್ಪರ್ಶ ಗಮನಿಸುತ್ತೇನೆ.

ಎದ್ದು ಕಾಲುಗಂಟೆಯಾದರೂ ಮೊಣಕಾಲು ನೋವು ಇಳಿಯದಿದ್ದರೆ ಅದು ನೋಡುತ್ತಾ ಕೂರುವ ನೋವಲ್ಲ. ಮರುದಿನದಿಂದ ಕುರ್ಚಿಯ ಮೇಲೆ ಕೂತು ಮಾಡಿ, ಡಾಕ್ಟರಿಗೂ ತೋರಿಸಿ.